ಮ್ಯಾಕ್ 2ರಲ್ಲಿ ವಿಮಾನದ ತಗಡು ಮೈನಸ್ 101 ಡಿಗ್ರಿಗೆ ಇಳಿಯುತ್ತದೆಯೇ? ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಗದಗಿನ ಹುಡುಗ (ಪುಣೆ)

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಮೆಕ್ಯಾನಿಕಲ್ ಮೂರನೆಯ ವರ್ಷ ಓದುತ್ತಿದ್ದೇನೆ. ಆಂತರಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: 11 ಕಿಲೋಮೀಟರ್ ಎತ್ತರದಲ್ಲಿ ಒಂದು ವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತಿದೆ, ಹೊರಗಿನ ಗಾಳಿ ಮೈನಸ್ 56.5 ಡಿಗ್ರಿ ಇದೆ, ವಿಮಾನದ ಹೊರತಗಡಿನ ತಾಪಮಾನ ಎಷ್ಟು? ಸೂತ್ರ ನನಗೆ ಗೊತ್ತಿತ್ತು.

```
T0 = T × (1 + 0.2 × M²)
```

M ಜಾಗದಲ್ಲಿ 2 ಹಾಕಿದರೆ ಆವರಣದೊಳಗೆ 1.8 ಬರುತ್ತದೆ. ಅದನ್ನು ಮೈನಸ್ 56.5ರಿಂದ ಗುಣಿಸಿದರೆ ಮೈನಸ್ 101.7 ಡಿಗ್ರಿ. ಉತ್ತರಕ್ಕೆ ಸೊನ್ನೆ ಅಂಕ ಬಂದಿದೆ. ಪಕ್ಕದವನು 117 ಎಂದು ಬರೆದು ಅರ್ಧ ಅಂಕ ಪಡೆದಿದ್ದಾನೆ. ಅವನಿಗೂ ಪೂರ್ತಿ ಏಕೆ ಸಿಗಲಿಲ್ಲ ಎಂಬುದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕನ್ನಡದಲ್ಲಿ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ತರಗತಿಯಲ್ಲಿ ಇಂಗ್ಲಿಷ್ ಮತ್ತು ಮರಾಠಿಯ ನಡುವೆ ನನಗೆ ಅರ್ಧ ವಿಷಯ ಕಳೆದುಹೋಗುತ್ತದೆ.

ಡೊಂಬಿವಲಿ ಲೋಕಲ್

ತಮ್ಮಾ, ಮೊದಲು ತರ್ಕ ನೋಡು. ಅಷ್ಟು ವೇಗದಲ್ಲಿ ಗಾಳಿ ಉಜ್ಜಿದರೆ ತಗಡು ಕಾಯಬೇಕೇ ಹೊರತು ತಣ್ಣಗಾಗುವುದಿಲ್ಲ. ಅಂಗೈಗಳನ್ನು ಉಜ್ಜಿದರೆ ಬಿಸಿಯಾಗುವುದಿಲ್ಲವೇ, ಹಾಗೆ. ಉಲ್ಕೆ ಉರಿಯುವುದೂ ಇದೇ ಘರ್ಷಣೆಯಿಂದ. ನಾನು ಎಲೆಕ್ಟ್ರಿಕಲ್ ಓದಿದವನು, ಆದರೆ ಇಷ್ಟು ಹೇಳಬಲ್ಲೆ.

ಸೂತ್ರವನ್ನೇ ಬಿಟ್ಟು ನೇರವಾಗಿ ವೇಗದಿಂದ ಹೊರಡು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. ಎರಡು ಪಟ್ಟು ಎಂದರೆ 680. ಒಂದು ಕಿಲೋ ಗಾಳಿಯ ಚಲನಶಕ್ತಿ 680ರ ವರ್ಗದ ಅರ್ಧ. ಅದನ್ನು ಗಾಳಿಯ ಉಷ್ಣ ಧಾರಣೆ 1005ರಿಂದ ಭಾಗಿಸು. ಏರಿಕೆ 230 ಡಿಗ್ರಿ ಬರುತ್ತದೆ. ಆದ್ದರಿಂದ 117 ಕೂಡ ತಪ್ಪು ಎಂದು ನನಗೆ ಅನ್ನಿಸುತ್ತದೆ.

ಕೊತ್ರೂಡ್ ಅಜ್ಜ

ಮಗು, ನಿನ್ನ ತಪ್ಪು ಒಂದೇ ಕಡೆ ಇದೆ. ಸೂತ್ರ ಸರಿ, 1.8 ಸರಿ. ಆದರೆ ಗುಣಾಕಾರ ಮಾಡುವಾಗ ತಾಪಮಾನವನ್ನು ಅದರ ನಿಜವಾದ ಸೊನ್ನೆಯಿಂದ ಎಣಿಸಬೇಕು. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ ಮಾತ್ರ. ಗಾಳಿಯ ಅಣುಗಳಿಗೆ ಆ ಗುರುತಿನ ಪರಿವೆಯೇ ಇಲ್ಲ. ಮೈನಸ್ 56.5ಕ್ಕೆ 273.15 ಸೇರಿಸಿದರೆ 216.65 ಕೆಲ್ವಿನ್. ಅದನ್ನು 1.8ರಿಂದ ಗುಣಿಸಿದರೆ 390. ಮತ್ತೆ 273 ಕಳೆದರೆ 117 ಡಿಗ್ರಿ ಸೆಲ್ಸಿಯಸ್. ನಿನ್ನ ಗೆಳೆಯನ ಅಂಕಿ ಅದೇ.

ಡೊಂಬಿವಲಿಯವರೇ, ವೇಗದಿಂದ ಹೊರಟ ನಿಮ್ಮ ದಾರಿ ಒಳ್ಳೆಯ ದಾರಿ. ಕಾಲು ಜಾರಿದ್ದು 340ರಲ್ಲಿ. ಅದು ನೆಲದ ಮೇಲಿನ, 15 ಡಿಗ್ರಿ ಗಾಳಿಯ ಶಬ್ದವೇಗ. ಗಾಳಿ ತಣ್ಣಗಾದಷ್ಟೂ ಶಬ್ದ ನಿಧಾನವಾಗುತ್ತದೆ. ಮೈನಸ್ 56.5ರಲ್ಲಿ ಅದು 295 ಮೀಟರ್. ಹಾಗಾದರೆ ಮ್ಯಾಕ್ 2 ಎಂದರೆ 590 ಮೀಟರ್, 680 ಅಲ್ಲ. ಈಗ ನಿಮ್ಮದೇ ಲೆಕ್ಕ ಮಾಡಿ: 590ರ ವರ್ಗವನ್ನು 2010ರಿಂದ ಭಾಗಿಸಿದರೆ 173. ಮೈನಸ್ 56.5ರ ಮೇಲೆ 173 ಏರಿದರೆ 117 ಡಿಗ್ರಿಯ ಹತ್ತಿರ ಬಂದು ನಿಲ್ಲುತ್ತದೆ. ಎರಡು ದಾರಿಗಳೂ ಒಂದೇ ಊರಿಗೆ ಹೋಗುತ್ತವೆ, ಏಕೆಂದರೆ ಮ್ಯಾಕ್ ಸೂತ್ರದ ಒಳಗೆ ಅಡಗಿರುವುದು ಇದೇ ಚಲನಶಕ್ತಿ.

ನಮ್ಮ ಕಾಲದಲ್ಲಿ ಬಾಯಿಲೆಕ್ಕಕ್ಕೆ ಒಂದು ಉಪಾಯವಿತ್ತು. ವೇಗವನ್ನು ಸೆಕೆಂಡಿಗೆ ನೂರು ಮೀಟರ್‌ಗಳಲ್ಲಿ ಹೇಳಿ, ವರ್ಗ ಮಾಡಿ, ಐದರಿಂದ ಗುಣಿಸುವುದು. 590 ಎಂದರೆ 5.9. ವರ್ಗ ಸುಮಾರು 35. ಐದರಿಂದ ಗುಣಿಸಿದರೆ 175. ಇಷ್ಟು ಹತ್ತಿರ ಬಂದರೆ ದೊಡ್ಡ ತಪ್ಪು ಆಗಿದೆಯೋ ಇಲ್ಲವೋ ಎಂದು ತಕ್ಷಣ ತಿಳಿಯುತ್ತದೆ. ನೀನು ಪರೀಕ್ಷೆಯಲ್ಲಿ ಇದನ್ನು ಮಾಡಿದ್ದರೆ ಮೈನಸ್ 101 ಎಂದು ಬರೆಯುತ್ತಿರಲಿಲ್ಲ.

ವಾಸ್ಕೋದ ಅಕ್ಕ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಗೋವಾದಲ್ಲಿರುವ ಕಾರವಾರದವಳು, ವಿಜ್ಞಾನ ಓದಿದವಳಲ್ಲ. ಕಳೆದ ವರ್ಷ ಮುಂಬೈಯಿಂದ ಲಂಡನ್‌ಗೆ ಮಗಳ ಬಾಣಂತನಕ್ಕೆ ಹೋಗಿದ್ದೆ. ಎದುರಿನ ಪರದೆಯಲ್ಲಿ ಹೊರಗೆ ಮೈನಸ್ 54 ಎಂದು ಬರುತ್ತಿತ್ತು. ಕಿಟಕಿ ಪಕ್ಕದ ಗೋಡೆಗೆ ಮೊಣಕೈ ತಾಗಿದರೆ ಚಳಿ ಹತ್ತುತ್ತಿತ್ತು, ಹೊರಗಿನ ಗಾಜಿನಲ್ಲಿ ಮಂಜಿನ ಹರಳು ಕಟ್ಟಿತ್ತು. ನೀವು ನೋಡಿದರೆ ಹಾರುವ ವಿಮಾನದ ತಗಡು ಕಾಯುತ್ತದೆ ಎನ್ನುತ್ತಿದ್ದೀರಿ. ಇಲ್ಲಿ ದಾಬೋಳಿಯಲ್ಲಿ ಮೇ ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ಬಾಗಿಲ ಅಂಚು ಮುಟ್ಟಿದರೆ ಕೈ ಸುಡುತ್ತದೆ. ಅದೂ ಇದೇ ಕಾರಣಕ್ಕೋ?

ಅಂಧೇರಿ ನೈಟ್ ಶಿಫ್ಟ್

ಅಕ್ಕಾ, ದಾಬೋಳಿಯ ಬಾಗಿಲು ಕಾಯುವುದು ಬಿಸಿಲಿನಿಂದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ನಿಮ್ಮ ಪರದೆಯ ಮೈನಸ್ 54ರ ಹಿಂದೆ ಒಂದು ಸ್ವಾರಸ್ಯವಿದೆ. ನಾನು ಮುಂಬೈಯಲ್ಲಿ ವಿಮಾನಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ, ಊರು ಉಡುಪಿ ಕಡೆ. ಹಾರುವ ವಿಮಾನಕ್ಕೆ ಹೊರಗಿನ ಗಾಳಿಯ ತಾಪಮಾನವನ್ನು ನೇರವಾಗಿ ಅಳೆಯಲು ಬರುವುದೇ ಇಲ್ಲ. ಮೂತಿಯ ಹತ್ತಿರ ಕಿರುಬೆರಳಿನಷ್ಟು ಚಾಚಿಕೊಂಡ ಒಂದು ಲೋಹದ ಗೂಡಿರುತ್ತದೆ. ನಾವು ಅದನ್ನು ಟ್ಯಾಟ್ ಪ್ರೋಬ್ ಎನ್ನುತ್ತೇವೆ. ಗಾಳಿ ಅದರೊಳಗೆ ನುಗ್ಗಿ ಹೆಚ್ಚುಕಡಿಮೆ ನಿಂತುಬಿಡುತ್ತದೆ. ನಿಂತ ಗಾಳಿ ಬಿಸಿಯಾಗಿರುತ್ತದೆ, ಪ್ರೋಬ್ ಹೇಳುವುದು ಆ ಬಿಸಿಯನ್ನು. ಕಂಪ್ಯೂಟರ್ ಅದಕ್ಕೆ ಮ್ಯಾಕ್ ಸಂಖ್ಯೆ ಸೇರಿಸಿ, ಹುಡುಗ ಬರೆದ ಸೂತ್ರವನ್ನು ತಿರುಗುಮುರುಗು ಓಡಿಸಿ, ಹೊರಗಿನ ತಾಪಮಾನವನ್ನು ಕಂಡುಹಿಡಿಯುತ್ತದೆ.

ಉದಾಹರಣೆಗೆ ವಿಮಾನ ಮ್ಯಾಕ್ 0.78ರಲ್ಲಿ ಇದೆ, ಪ್ರೋಬ್ ಮೈನಸ್ 28 ಓದುತ್ತಿದೆ ಎನ್ನಿ. ಅದು 245 ಕೆಲ್ವಿನ್. 0.78ರ ವರ್ಗ 0.61, ಅದರ ಐದನೆಯ ಒಂದು ಭಾಗ 0.12. ಆದ್ದರಿಂದ 245ನ್ನು 1.12ರಿಂದ ಭಾಗಿಸಬೇಕು. 219 ಕೆಲ್ವಿನ್ ಬರುತ್ತದೆ, ಅಂದರೆ ಮೈನಸ್ 54. ನೀವು ಪರದೆಯಲ್ಲಿ ಕಂಡದ್ದು ಹೀಗೆ ಹುಟ್ಟಿದ ಅಂಕಿ. ತಗಡಿನ ಮೈ ಮೈನಸ್ 30ರ ಆಸುಪಾಸಿನಲ್ಲಿ ಇರುತ್ತದೆ. ಹೊರಗಿನ ಗಾಳಿಗಿಂತ ಅದು ಬೆಚ್ಚಗೆ, ನಿಮ್ಮ ಮೊಣಕೈಗೆ ಅದು ಚಳಿ. ಎರಡೂ ಏಕಕಾಲಕ್ಕೆ ನಿಜ.

ಈ ಅಂಕಿ ನಮಗೆ ಕೆಲಸಕ್ಕೆ ಬರುತ್ತದೆ. ಜೆಟ್ ಎ-1 ಇಂಧನದ ಘನೀಭವನದ ಮಿತಿ ಮೈನಸ್ 47. ರೆಕ್ಕೆಯ ಟ್ಯಾಂಕಿನಲ್ಲಿರುವ ಇಂಧನ ಗಂಟೆಗಟ್ಟಲೆ ಹಾರಿದ ಮೇಲೆ ಹೊರಗಿನ ಮೈನಸ್ 60ರ ಹತ್ತಿರ ಹೋಗುವುದಿಲ್ಲ, ಈ ನಿಂತ ಗಾಳಿಯ ತಾಪಮಾನದ ಹತ್ತಿರ ಬಂದು ನಿಲ್ಲುತ್ತದೆ. ಧ್ರುವದ ಕಡೆಯ ದೂರದ ಹಾರಾಟದಲ್ಲಿ ಇಂಧನ ತೀರಾ ತಣ್ಣಗಾದರೆ ಪೈಲಟ್‌ಗೆ ಇರುವ ಒಂದು ದಾರಿ ಸ್ವಲ್ಪ ವೇಗ ಹೆಚ್ಚಿಸುವುದು. ಮ್ಯಾಕ್‌ನಲ್ಲಿ 0.01 ಹೆಚ್ಚಿಸಿದರೆ ಅರ್ಧದಿಂದ ಮುಕ್ಕಾಲು ಡಿಗ್ರಿ ಗಳಿಸಬಹುದು. ಕೆಳಗಿಳಿದು ಬೆಚ್ಚಗಿನ ಗಾಳಿಗೆ ಹೋಗುವುದು ಇನ್ನೊಂದು ದಾರಿ.

ವಾಸ್ಕೋದ ಅಕ್ಕ

ಅಂದರೆ ಬಿಸಿ ಮೊದಲು, ಚಳಿ ಆಮೇಲೆ ಲೆಕ್ಕದಿಂದ! ಒಂಬತ್ತು ಗಂಟೆ ಆ ಅಂಕಿಯನ್ನೇ ನೋಡುತ್ತಾ ಕುಳಿತಿದ್ದೆ. ತಿಳಿಸಿದ್ದಕ್ಕೆ ಧನ್ಯವಾದ ತಮ್ಮಾ.

ಪಿಂಪರಿ ಟೀಚರ್

ನಾನು ಇಲ್ಲಿ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗೆಳೆಯನಿಗೆ ಅರ್ಧ ಅಂಕ ಏಕೆ ಬಂತು ಎಂಬುದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. 117 ಎಂಬುದು ಗಾಳಿ ಪೂರ್ತಿ ನಿಂತ ಜಾಗದ ತಾಪಮಾನ. ವಿಮಾನದ ಮೂತಿಯ ತುದಿಯಲ್ಲಿ, ರೆಕ್ಕೆಯ ಮುಂಚಿನ ಸಾಲಿನಲ್ಲಿ ಹಾಗೆ ನಿಲ್ಲಬಹುದು. ಪ್ರಶ್ನೆ ಕೇಳಿದ್ದು ಹೊರತಗಡಿನ ಬಗ್ಗೆ. ಒಡಲಿನ ಪಕ್ಕದಲ್ಲಿ ಗಾಳಿ ಹಾದುಹೋಗುತ್ತದೆ, ಎದುರಾಗಿ ನಿಲ್ಲುವುದಿಲ್ಲ. ಅಲ್ಲಿ 117 ಹೇಗೆ ಬಂದೀತು?

ಘರ್ಷಣೆಯ ಮಾತೂ ನನಗೆ ಒಪ್ಪಿಗೆಯಿಲ್ಲ. ಮೂತಿಯ ತುದಿಯಲ್ಲಿ ಉಜ್ಜುವಿಕೆಯೇ ಇಲ್ಲ, ಅಲ್ಲಿ ಗಾಳಿ ನಿಂತಿದೆ. ಅಲ್ಲಿಯೇ ಬಿಸಿ ಎಲ್ಲಕ್ಕಿಂತ ಹೆಚ್ಚು. ಇದು ಸೈಕಲ್ ಪಂಪ್ ಒತ್ತಿದಾಗ ಅದರ ತುದಿ ಬೆಚ್ಚಗಾಗುವ ಜಾತಿಯ ಬಿಸಿ.

ಡೊಂಬಿವಲಿ ಲೋಕಲ್

340ರ ತಪ್ಪನ್ನು ಒಪ್ಪುತ್ತೇನೆ, ಅಜ್ಜನವರು ಹೇಳಿದ್ದು ಸರಿ. ಘರ್ಷಣೆಯನ್ನು ಮಾತ್ರ ಬಿಡಲಾರೆ ಮೇಡಂ. ಪಕ್ಕದ ತಗಡಿನ ಮೇಲೆ ಗಾಳಿ ನಿಲ್ಲುವುದಿಲ್ಲ ಎಂದು ನೀವೇ ಹೇಳುತ್ತೀರಿ. ನಿಲ್ಲದಿದ್ದರೆ, ಒತ್ತಲ್ಪಡದಿದ್ದರೆ, ಅಲ್ಲಿ ಬಿಸಿ ಎಲ್ಲಿಂದ ಬರುತ್ತದೆ? ಅಲ್ಲಿ ಬಿಸಿ ಇದೆ ಎಂಬುದಂತೂ ನಿಜ.

ಕೊತ್ರೂಡ್ ಅಜ್ಜ

ಇಬ್ಬರ ಕೈಯಲ್ಲೂ ಅರ್ಧರ್ಧ ಸತ್ಯ ಇದೆ. ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಾನು ಬೆಂಗಳೂರಿನಲ್ಲಿ ಗಾಳಿಸುರಂಗದಲ್ಲಿ ಕೆಲಸ ಮಾಡಿದವನು. ಈಗ ಮಗಳ ಮನೆಯಲ್ಲಿ ಇಲ್ಲಿದ್ದೇನೆ. ನಮ್ಮ ಸುರಂಗದಲ್ಲಿ ಮಾದರಿ ನಿಂತಿರುತ್ತದೆ, ಗಾಳಿ ಓಡುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಒತ್ತಿ ತುಂಬಿಟ್ಟ ಗಾಳಿಯನ್ನು ಬಿಟ್ಟರೆ ಅದು ಸೊಂಟ ಕಟ್ಟಿದ ನಾಳದ ಮೂಲಕ ಮ್ಯಾಕ್ 2ಕ್ಕೆ ಏರಿ ಮಾದರಿಯ ಮೇಲೆ ಹಾಯುತ್ತದೆ. ಹೊಸದಾಗಿ ಸೇರಿದ ದಿನಗಳಲ್ಲಿ ನಾನು ಪ್ರಯೋಗ ಮುಗಿದ ಕೂಡಲೇ ಬಾಗಿಲು ತೆಗೆದು ಉಕ್ಕಿನ ಮಾದರಿಯನ್ನು ಮುಟ್ಟಲು ಹೆದರಿದ್ದೆ. ಹಿರಿಯರೊಬ್ಬರು ನನ್ನ ಕೈ ಹಿಡಿದು ಅದರ ಮೇಲಿಟ್ಟರು. ಬಿಸಿಯಿರಲಿ, ಮಡಕೆಯ ನೀರಿನಷ್ಟು ತಂಪಾಗಿತ್ತು.

ಕಾರಣ ಇದು. ಟ್ಯಾಂಕಿನಲ್ಲಿ ನಿಂತಿದ್ದ ಗಾಳಿ ಕೋಣೆಯ ತಾಪಮಾನದಲ್ಲಿತ್ತು, 300 ಕೆಲ್ವಿನ್. ಓಡತೊಡಗಿದಾಗ ತನ್ನದೇ ಉಷ್ಣವನ್ನು ವೇಗಕ್ಕೆ ಖರ್ಚು ಮಾಡಿ 167 ಕೆಲ್ವಿನ್‌ಗೆ, ಅಂದರೆ ಮೈನಸ್ 106ಕ್ಕೆ ಇಳಿಯಿತು. ಮಾದರಿಯ ಮೂತಿಗೆ ಬಡಿದು ನಿಂತಾಗ ಖರ್ಚು ಮಾಡಿದ್ದನ್ನು ಹಿಂದಕ್ಕೆ ಪಡೆದು ಮತ್ತೆ 300 ಆಯಿತು. ಗಾಳಿಯನ್ನು ಮೊದಲೇ ಚೆನ್ನಾಗಿ ಒಣಗಿಸದಿದ್ದರೆ ಆ ಮೈನಸ್ 106ರಲ್ಲಿ ತೇವಾಂಶ ಹೆಪ್ಪುಗಟ್ಟಿ ಕಿಟಕಿಯಲ್ಲಿ ಬಿಳಿ ಮಂಜು ಕಾಣುತ್ತಿತ್ತು, ಅಳತೆಗಳೆಲ್ಲ ಕೆಡುತ್ತಿದ್ದವು. ಮಳೆಗಾಲದಲ್ಲಿ ನಮಗೆ ಅದೇ ದೊಡ್ಡ ತಲೆನೋವು.

ವಿಮಾನದಲ್ಲಿ ಇದೇ ಕಥೆ, ಜಾಗ ಅದಲುಬದಲಾಗಿದೆ ಅಷ್ಟೆ. ಅಲ್ಲಿ ತಣ್ಣಗಿನ ಗಾಳಿ ನಿಂತಿದೆ, ವಿಮಾನ ಓಡುತ್ತಿದೆ. ವಿಮಾನದ ಮೇಲೆ ಕುಳಿತು ನೋಡಿದರೆ ಗಾಳಿ 590 ಮೀಟರ್ ವೇಗದಲ್ಲಿ ಬಂದು ನಿಲ್ಲುತ್ತದೆ. ಆ ವೇಗ 173 ಡಿಗ್ರಿಯಾಗಿ ಬದಲಾಗುತ್ತದೆ.

ಈಗ ಪಕ್ಕದ ತಗಡು. ಟೀಚರ್ ಹೇಳಿದಂತೆ ಅಲ್ಲಿ ಹೊರಗಿನ ಗಾಳಿ ಹಾದುಹೋಗುತ್ತದೆ. ಆದರೆ ತಗಡಿಗೆ ಅಂಟಿದ ಗಾಳಿ ಅಲ್ಲೂ ನಿಂತೇ ಇರುತ್ತದೆ. ತಗಡಿನಿಂದ ಕೆಲವು ಬೆರಳಿನಷ್ಟು ದೂರದೊಳಗೆ ವೇಗ ಸೊನ್ನೆಯಿಂದ 590ಕ್ಕೆ ಏರುತ್ತದೆ, ಇದನ್ನು ಗಡಿಪದರ ಎನ್ನುತ್ತೇವೆ. ಆ ಪದರದಲ್ಲಿ ಗಾಳಿಯನ್ನು ನಿಲ್ಲಿಸುವುದು ಒತ್ತಡವಲ್ಲ, ಪದರ ಪದರದ ನಡುವಿನ ಎಳೆತ. ಅದನ್ನು ಘರ್ಷಣೆ ಎಂದು ಕರೆದರೆ ಡೊಂಬಿವಲಿಯವರು ಗೆದ್ದರು. ಮೂತಿಯ ತುದಿಯಲ್ಲಿ ಟೀಚರ್ ಗೆದ್ದರು.

ಎಳೆತದಿಂದ ನಿಲ್ಲಿಸುವಾಗ ಒಂದಿಷ್ಟು ಸೋರಿಕೆ ಇದೆ. ತಗಡಿನ ಬಳಿ ಹುಟ್ಟಿದ ಬಿಸಿಯ ಒಂದು ಪಾಲು ಹೊರಗಿನ ತಣ್ಣನೆಯ ಪದರಗಳಿಗೆ ಹೋಗಿಬಿಡುತ್ತದೆ. ಆದ್ದರಿಂದ ಪಕ್ಕದ ತಗಡಿಗೆ 173 ಪೂರ್ತಿ ಸಿಗುವುದಿಲ್ಲ. ಗಡಿಪದರ ಕದಡಿಕೊಂಡು ಹರಿಯುತ್ತಿದ್ದರೆ ನೂರಕ್ಕೆ 89 ಪಾಲು ಸಿಗುತ್ತದೆ, ನಯವಾಗಿ ಹರಿಯುತ್ತಿದ್ದರೆ ನೂರಕ್ಕೆ 85. ಈ ಪಾಲಿಗೆ ರಿಕವರಿ ಫ್ಯಾಕ್ಟರ್ ಎಂದು ಹೆಸರು. 173ರ 89 ಪಾಲು 154. ಮೈನಸ್ 56.5ರಿಂದ 154 ಏರಿದರೆ 98 ಡಿಗ್ರಿ. ನಿನ್ನ ಮೇಷ್ಟ್ರು ಬಹುಶಃ ಈ 98ನ್ನು ಕೇಳಿದ್ದರು.

ಗದಗಿನ ಹುಡುಗ (ಪುಣೆ)

ಅಜ್ಜಾ, ನಿಮ್ಮ ಸುರಂಗದ ಮಾದರಿಗೂ ಇದನ್ನೇ ಹಾಕಿ ನೋಡಿದೆ. 167ರಿಂದ 300ರವರೆಗಿನ ಏರಿಕೆ 133. ಅದರ 89 ಪಾಲು 118. ಒಟ್ಟು 285 ಕೆಲ್ವಿನ್, ಅಂದರೆ 12 ಡಿಗ್ರಿ. ಮಡಕೆಯ ನೀರಿನಷ್ಟು ತಂಪು ಎಂದು ನೀವು ಹೇಳಿದ್ದು ಸರಿಯಾಗಿ ಹೊಂದುತ್ತಿದೆ!

ಕೊತ್ರೂಡ್ ಅಜ್ಜ

ಭೇಷ್. ಆ ಲೆಕ್ಕವನ್ನು ನಾನು ನಿನಗೆ ಬಿಟ್ಟಿದ್ದೇ ಅದಕ್ಕೆ. ಒಂದು ಮಾತು ಮಾತ್ರ ನೆನಪಿಡು: ಸುರಂಗ ಓಡುವುದು ಕೆಲವೇ ಸೆಕೆಂಡು, ದಪ್ಪ ಉಕ್ಕಿನ ಮಾದರಿ ಅಷ್ಟರಲ್ಲಿ 12ಕ್ಕೆ ಪೂರ್ತಿ ಇಳಿದಿರುವುದಿಲ್ಲ. ಮೇಲ್ಮೈ ಆ ಕಡೆಗೆ ಹೊರಟಿರುತ್ತದೆ.

ಡೊಂಬಿವಲಿ ಲೋಕಲ್

ಹಾಗಾದರೆ ಸೇನೆಯ ವಿಮಾನಗಳಲ್ಲೂ ಇದೇ ಆಗಬೇಕಲ್ಲವೇ? ಮ್ಯಾಕ್ 2ಕ್ಕೆ ಒಂದೆರಡು ನಿಮಿಷ ಓಡಿ ಮತ್ತೆ ನಿಧಾನವಾಗುತ್ತವೆ. ಅಷ್ಟರಲ್ಲಿ ತಗಡು ಕಾಯಲು ಸಮಯ ಎಲ್ಲಿ? ನನ್ನ ಪ್ರಕಾರ ಈ 98 ಎಂಬುದು ಕಾಗದದ ಮೇಲಿನ ಮಾತು.

ಕೊತ್ರೂಡ್ ಅಜ್ಜ

ತಗಡು ಎಷ್ಟು ದಪ್ಪ ಎಂಬುದರ ಮೇಲೆ ಹೋಗುತ್ತದೆ. ಎರಡು ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನ ಒಂದು ಚದರ ಮೀಟರ್ ಒಂದು ಡಿಗ್ರಿ ಏರಲು ಸುಮಾರು 4,900 ಜೂಲ್ ಬೇಕು. 11 ಕಿಲೋಮೀಟರ್ ಎತ್ತರದಲ್ಲಿ ಮ್ಯಾಕ್ 2ರ ಗಾಳಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸೆಕೆಂಡಿಗೆ ಇನ್ನೂರು ಜೂಲ್‌ನಷ್ಟು ಕೊಡುತ್ತದೆ ಎಂದು ಹಿಡಿಯಿರಿ. ಭಾಗಿಸಿದರೆ 25 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ತಗಡು ದಾರಿಯ ಮೂರನೆಯ ಎರಡು ಭಾಗದಷ್ಟು ಕ್ರಮಿಸಿರುತ್ತದೆ. ಎರಡು ನಿಮಿಷದಲ್ಲಿ ಬಹುತೇಕ ತಲುಪಿಯೇ ಬಿಡುತ್ತದೆ.

ಒಳಗಿನ ದಪ್ಪ ತೊಲೆಗಳು ಮಾತ್ರ ಇನ್ನೂ ತಣ್ಣಗಿರುತ್ತವೆ. ಹೊರಗಿನ ತಗಡು ಹಿಗ್ಗಲು ನೋಡುತ್ತದೆ, ತೊಲೆ ಬಿಡುವುದಿಲ್ಲ. ನನಗೆ ನಿಜವಾದ ಚಿಂತೆ ಇರುವುದು ಈ ಎಳೆದಾಟದಲ್ಲಿ, 98 ಎಂಬ ಅಂಕಿಯಲ್ಲಲ್ಲ.

ಪಿಂಪರಿ ಟೀಚರ್

ನೀವು ಹಿಡಿದ ಇನ್ನೂರು ಎಂಬ ಅಂಕಿ ಮೂತಿಯಿಂದ ಎಷ್ಟು ದೂರದಲ್ಲಿ ನೋಡುತ್ತೇವೆ ಎಂಬುದರ ಮೇಲೆ ಬದಲಾಗುವುದಿಲ್ಲವೇ ಸರ್? ಇನ್ನೂ ಎತ್ತರ ಹೋದರೆ ಗಾಳಿ ತೆಳುವಾಗುತ್ತದೆ, ಆಗ ಅದು ಅರ್ಧಕ್ಕೂ ಕಡಿಮೆ ಆಗಬಹುದು.

ಕೊತ್ರೂಡ್ ಅಜ್ಜ

ಬದಲಾಗುತ್ತದೆ. ಅದಕ್ಕೇ ಹಿಡಿಯಿರಿ ಎಂದೆ. 25 ಸೆಕೆಂಡ್ ಒಂದು ನಿಮಿಷವಾಗಬಹುದು. ಗಂಟೆಯಾಗುವುದಿಲ್ಲ.

ಅಂಧೇರಿ ನೈಟ್ ಶಿಫ್ಟ್

ಗಂಟೆಗಟ್ಟಲೆ ಮ್ಯಾಕ್ 2ರಲ್ಲಿ ಇದ್ದ ಪ್ರಯಾಣಿಕ ವಿಮಾನ ಎಂದರೆ ಕಾಂಕಾರ್ಡ್. ಅದರ ಮಿತಿಯೇ ಈ ಲೆಕ್ಕದಿಂದ ಬಂದದ್ದು. ಅಲ್ಯೂಮಿನಿಯಂ ಮಿಶ್ರಲೋಹದ ಒಡಲು ದೀರ್ಘಕಾಲ ತಾಳಬೇಕೆಂದು ಮೂತಿಯ ತಾಪಮಾನವನ್ನು 127 ಡಿಗ್ರಿಗೆ ಕಟ್ಟಿಹಾಕಿದ್ದರು. ಮ್ಯಾಕ್‌ಗೆ ಬೇರೆ ಮಿತಿ ಇತ್ತು, 2.04. ಎರಡರಲ್ಲಿ ಯಾವುದು ಮೊದಲು ಮುಟ್ಟಿತೋ ಅಲ್ಲಿ ನಿಲ್ಲಬೇಕು. ಹಾರುವಾಗ ಒಡಲು ಹಿಗ್ಗಿ ಕಾಕ್‌ಪಿಟ್ಟಿನಲ್ಲಿ ಫ್ಲೈಟ್ ಎಂಜಿನಿಯರ್‌ನ ಫಲಕದ ಪಕ್ಕ ಕೈ ತೂರುವಷ್ಟು ಸಂದು ಬಿಡುತ್ತಿತ್ತು. ಇಳಿದ ಮೇಲೆ ಅದು ಮುಚ್ಚಿಕೊಳ್ಳುತ್ತಿತ್ತು. ಕೊನೆಯ ಹಾರಾಟಗಳಲ್ಲಿ ಒಬ್ಬರು ತಮ್ಮ ಟೋಪಿಯನ್ನು ಆ ಸಂದಿನಲ್ಲಿ ಸಿಕ್ಕಿಸಿ ಬಂದರು. ವಿಮಾನ ಮತ್ತೆ ಕಾಯುವುದಿಲ್ಲವಾದ್ದರಿಂದ ಟೋಪಿ ಅಲ್ಲೇ ಉಳಿಯಿತು.

ಹುಡುಗಾ, ನಿನಗೊಂದು ಕೆಲಸ. ಹೊರಗಿನ ಗಾಳಿ ಮೈನಸ್ 56.5 ಇದ್ದ ದಿನ, ಐದು ಡಿಗ್ರಿ ಬೆಚ್ಚಗಿದ್ದ ದಿನ, ಮೈನಸ್ 70 ಇದ್ದ ದಿನ, ಈ ಮೂರರಲ್ಲಿ 127ರ ಮಿತಿ ಯಾವ ಮ್ಯಾಕ್‌ಗೆ ಬರುತ್ತದೆ ನೋಡಿ ಹೇಳು.

ಗದಗಿನ ಹುಡುಗ (ಪುಣೆ)

ಮಾಡಿದೆ ಅಣ್ಣಾ. 127 ಎಂದರೆ 400 ಕೆಲ್ವಿನ್. ಮೊದಲ ದಿನಕ್ಕೆ 400ನ್ನು 216.65ರಿಂದ ಭಾಗಿಸಿ, 1 ಕಳೆದು, 0.2ರಿಂದ ಭಾಗಿಸಿ, ವರ್ಗಮೂಲ ತೆಗೆದೆ. 2.06 ಬಂತು. ಅಂದರೆ ಆ ದಿನ ಮ್ಯಾಕ್ ಮಿತಿ 2.04 ಮೊದಲು ಮುಟ್ಟುತ್ತದೆ. ಐದು ಡಿಗ್ರಿ ಬೆಚ್ಚಗಿದ್ದ ದಿನ 2.01. ಆಗ ತಾಪಮಾನವೇ ತಡೆಯುತ್ತದೆ. ಮೈನಸ್ 70 ಇದ್ದರೆ 2.2 ಬರುತ್ತದೆ, ತಾಪಮಾನದ ಚಿಂತೆಯೇ ಇಲ್ಲ. ಐದು ಡಿಗ್ರಿಗೆ ಇಷ್ಟು ವ್ಯತ್ಯಾಸ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಒಂದು ಗೊಂದಲ ಮಾತ್ರ ಉಳಿಯಿತು. ಅಜ್ಜನ ಬಾಯಿಲೆಕ್ಕದಲ್ಲಿ ಏರಿಕೆ ವೇಗದ ಮೇಲೆ ಮಾತ್ರ ನಿಂತಿದೆ, ಹೊರಗಿನ ತಾಪಮಾನ ಅದರಲ್ಲಿ ಇಲ್ಲವೇ ಇಲ್ಲ. ಮ್ಯಾಕ್ ಸೂತ್ರದಲ್ಲಿ ಏರಿಕೆಯೂ ಹೊರಗಿನ ತಾಪಮಾನದೊಂದಿಗೆ ಬದಲಾಗುತ್ತದೆ. ಯಾವುದು ಸರಿ?

ಕೊತ್ರೂಡ್ ಅಜ್ಜ

ಎರಡೂ ಸರಿ. ನೀನು ಯಾವುದನ್ನು ಸ್ಥಿರವಾಗಿ ಹಿಡಿದಿದ್ದೀಯ ಎಂದು ನೋಡಿಕೋ. ಮ್ಯಾಕ್ ಎಂಬುದು ಅನುಪಾತ. ಅದರ ಕೆಳಗೆ ಶಬ್ದದ ವೇಗ ಕುಳಿತಿದೆ, ಶಬ್ದದ ವೇಗದೊಳಗೆ ತಾಪಮಾನ ಕುಳಿತಿದೆ. ತಣ್ಣನೆಯ ಗಾಳಿಯಲ್ಲಿ ಅದೇ ಮ್ಯಾಕ್ 2 ಹಿಡಿದುಕೊಂಡರೆ ನಿಜವಾದ ವೇಗವೇ ಕಡಿಮೆ ಇರುತ್ತದೆ, ಆದ್ದರಿಂದ ಏರಿಕೆಯೂ ಕಡಿಮೆ. ಹೊರಟ ಜಾಗವೂ ತಣ್ಣಗೆ, ಏರಿದ್ದೂ ಕಡಿಮೆ, ಹೀಗೆ ಎರಡು ಕಡೆಯಿಂದ ಲಾಭ. ನಿನ್ನ ಐದು ಡಿಗ್ರಿ ಅಷ್ಟು ದೊಡ್ಡದಾಗಿ ಕಂಡದ್ದು ಇದಕ್ಕೇ: ಹೊರಗೆ ಐದು ಡಿಗ್ರಿ ಹೆಚ್ಚಾದರೆ ಮ್ಯಾಕ್ 2ರ ಮೂತಿಯಲ್ಲಿ ಒಂಬತ್ತು ಹೆಚ್ಚಾಗುತ್ತದೆ. ಉಷ್ಣವಲಯದ ಮೇಲೆ 16, 17 ಕಿಲೋಮೀಟರ್ ಎತ್ತರದ ಗಾಳಿ ಮೈನಸ್ 75ಕ್ಕಿಂತಲೂ ತಣ್ಣಗಿರುತ್ತದೆ. ನೆಲದಲ್ಲಿ ಬೇಯುವ ಗೋವಾದ ನೆತ್ತಿಯ ಮೇಲೆ ಆ ಎತ್ತರದಲ್ಲಿ ಇಂಗ್ಲೆಂಡಿಗಿಂತ ಹೆಚ್ಚು ಚಳಿ. ವೇಗದ ವಿಮಾನಕ್ಕೆ ಅದು ಒಳ್ಳೆಯ ಜಾಗ.

ಡೊಂಬಿವಲಿ ಲೋಕಲ್

ಹಾಗಾದರೆ ನನ್ನ ಉಲ್ಕೆಗೂ ಇದನ್ನು ಹಾಕಿದೆ. ಬಾಹ್ಯಾಕಾಶದಿಂದ ಮರಳುವ ಗೂಡಿನ ವೇಗ ಸೆಕೆಂಡಿಗೆ 7,800 ಮೀಟರ್. ನೂರರಲ್ಲಿ 78, ವರ್ಗ ಮಾಡಿ ಐದರಿಂದ ಗುಣಿಸಿದರೆ 30,000 ಡಿಗ್ರಿ! ಅದನ್ನು ತಾಳುವ ವಸ್ತು ಲೋಕದಲ್ಲಿ ಇದೆಯೇ?

ಇನ್ನೊಂದು. ಕಾಂಕಾರ್ಡ್‌ಗೆ ಬಿಳಿ ಬಣ್ಣ ಬಳಿದಿದ್ದರು. ಅಮೆರಿಕದ ಎಸ್‌ಆರ್-71 ಮ್ಯಾಕ್ 3ಕ್ಕಿಂತ ಮೇಲೆ ಹಾರುತ್ತಿತ್ತು, ಅದಕ್ಕೆ ಕಪ್ಪು. ಕಪ್ಪು ಬಟ್ಟೆ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ ಎಂದು ಮಕ್ಕಳಿಗೂ ಗೊತ್ತು. ಇದು ಹೇಗೆ?

ಕೊತ್ರೂಡ್ ಅಜ್ಜ

30,000 ಎಂಬುದು ಸೂತ್ರ ತನ್ನ ಎಲ್ಲೆ ಮೀರಿ ಆಡಿದ ಮಾತು. 0.2 ಎಂಬ ಅಂಕಿ ನಿಂತಿರುವುದು ಗಾಳಿಯ ಗುಣ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ. ಮ್ಯಾಕ್ 3ರವರೆಗೆ ಆ ನಂಬಿಕೆ ಚೆನ್ನಾಗಿ ನಡೆಯುತ್ತದೆ. ಇನ್ನೂ ಬಿಸಿಯಾದರೆ ಅಣುಗಳು ಒಳಗೇ ಕಂಪಿಸತೊಡಗಿ ಶಕ್ತಿಯನ್ನು ಬಚ್ಚಿಡುತ್ತವೆ. ಎರಡು ಸಾವಿರ ಡಿಗ್ರಿ ದಾಟಿದ ಮೇಲೆ ಆಮ್ಲಜನಕದ ಅಣುಗಳು ಒಡೆಯತೊಡಗುತ್ತವೆ. ಒಡೆಯಲು ಬೇಕಾದ ಶಕ್ತಿ ತಾಪಮಾನದ ಖಾತೆಗೆ ಬರುವುದಿಲ್ಲ. ಆದ್ದರಿಂದ ನಿಜವಾದ ಅಂಕಿ ನಿಮ್ಮ 30,000ದ ಒಂದು ಸಣ್ಣ ಪಾಲು. ಅಷ್ಟು ಬಿಸಿ ಇರುವುದೂ ಗೂಡಿನ ಮುಂದಿನ ಗಾಳಿಯಲ್ಲಿ. ಗೂಡಿನ ಮೈ ಅದಕ್ಕಿಂತ ಬಹಳ ಕೆಳಗಿರುತ್ತದೆ.

ಬಣ್ಣದ ಪ್ರಶ್ನೆ ಚೆನ್ನಾಗಿದೆ. ಇಷ್ಟು ಹೊತ್ತು ನಾವು ತಗಡು ಯಾರಿಗೂ ಬಿಸಿ ಕೊಡುವುದಿಲ್ಲ ಎಂದುಕೊಂಡು ಲೆಕ್ಕ ಮಾಡಿದೆವು. ನಿಜದಲ್ಲಿ ಅದು ಕಣ್ಣಿಗೆ ಕಾಣದ ಅವಗೆಂಪು ಕಿರಣವಾಗಿ ಬಿಸಿಯನ್ನು ಬಿಡುತ್ತದೆ, ಬಿಸಿಲನ್ನು ಹೀರುತ್ತದೆ. ಕಣ್ಣಿಗೆ ಬಿಳಿಯಾಗಿ ಕಾಣುವ ಬಣ್ಣ ಅವಗೆಂಪಿನಲ್ಲಿ ಹೆಚ್ಚುಕಡಿಮೆ ಕಪ್ಪೇ. ಹಾಗಾಗಿ ಅದು ಬಿಸಿಲನ್ನು ದೂರವಿಟ್ಟು ಬಿಸಿಯನ್ನೂ ಬಿಡುತ್ತದೆ. 1996ರಲ್ಲಿ ಒಂದು ಕಾಂಕಾರ್ಡ್‌ಗೆ ಪೆಪ್ಸಿಯ ಜಾಹೀರಾತಿಗಾಗಿ ನೀಲಿ ಬಳಿದಾಗ ಮ್ಯಾಕ್ 2ರಲ್ಲಿ 20 ನಿಮಿಷಕ್ಕಿಂತ ಹೆಚ್ಚು ಇರಬಾರದು ಎಂದು ಹೇಳಿದ್ದರು. ಎಸ್‌ಆರ್-71ರಲ್ಲಿ ಲೆಕ್ಕವೇ ಬೇರೆ. ಮ್ಯಾಕ್ 3.2ಕ್ಕೆ ನಿಂತ ಗಾಳಿ 390 ಡಿಗ್ರಿಯ ಹತ್ತಿರ. ಅಷ್ಟು ಬಿಸಿಯಾದ ಟೈಟಾನಿಯಂ ಮೈ ತಾನೇ ಸೂಸುವ ಬಿಸಿಯ ಮುಂದೆ ಬಿಸಿಲಿನ ಪಾಲು ಚಿಕ್ಕದು. ಅಲ್ಲಿ ಬೇಕಾದದ್ದು ಚೆನ್ನಾಗಿ ಬಿಸಿ ಸೂಸುವ ಮೈ, ಬರಿಯ ಲೋಹಕ್ಕೆ ಆ ಗುಣ ಕಡಿಮೆ.

ಪಿಂಪರಿ ಟೀಚರ್

ಅಂದರೆ 98 ಕೂಡ ಗಟ್ಟಿ ಉತ್ತರವಲ್ಲ. ಬಿಸಿ ಸೂಸುವುದನ್ನು ಸೇರಿಸಿದರೆ ಕೆಳಗೆ ಹೋಗುತ್ತದೆ, ಬಿಸಿಲು ಸೇರಿಸಿದರೆ ಮೇಲೆ. ಗಡಿಪದರ ನಯವಾಗಿದ್ದರೆ 85 ಪಾಲು ಹಿಡಿದು 91 ಡಿಗ್ರಿ. ಪ್ರಶ್ನೆಪತ್ರಿಕೆಯಲ್ಲಿ ಇದಾವುದನ್ನೂ ಹೇಳದೆ ತಗಡಿನ ತಾಪಮಾನ ಎಷ್ಟು ಎಂದರೆ ವಿದ್ಯಾರ್ಥಿ ಏನು ಬರೆಯಬೇಕು? ನನ್ನ ಪ್ರಕಾರ 117 ಬರೆದವನಿಗೆ ಪೂರ್ತಿ ಅಂಕ ಕೊಡಬೇಕಿತ್ತು, ಸೂತ್ರ ಕೇಳಿದ್ದು ಅದನ್ನೇ.

ಕೊತ್ರೂಡ್ ಅಜ್ಜ

ಅದನ್ನು ನಾನು ಒಪ್ಪುವುದಿಲ್ಲ ಟೀಚರ್. ತಗಡು ಎಂದ ಮೇಲೆ ಯಾವ ಜಾಗದ ತಗಡು ಎಂದು ವಿದ್ಯಾರ್ಥಿ ಒಂದು ಸಾಲು ಬರೆಯಬೇಕು. ಮೂತಿಯಲ್ಲಿ 117, ಪಕ್ಕದಲ್ಲಿ ಸುಮಾರು 98, ಇಷ್ಟು ಬರೆದರೆ ನಾನು ಪೂರ್ತಿ ಕೊಡುತ್ತಿದ್ದೆ.

ಗದಗಿನ ಹುಡುಗ (ಪುಣೆ)

ಇವತ್ತು ಮೇಷ್ಟ್ರನ್ನು ಕೇಳಿದೆ. ಅವರ ಉತ್ತರಪತ್ರಿಕೆಯಲ್ಲಿ 98ಕ್ಕೆ ಬದಲು 94 ಇದೆ, ಪಾಲನ್ನು 0.87 ಎಂದು ಹಿಡಿದಿದ್ದಾರೆ. ಎಲ್ಲಿಂದ ಬಂತು ಎಂದರೆ ನಯವಾದ ಹರಿವು ಮುಂದೆ, ಕದಡಿದ ಹರಿವು ಹಿಂದೆ, ಆದ್ದರಿಂದ ನಡುವಿನದನ್ನು ತೆಗೆದುಕೊಂಡೆ ಎಂದರು. ಹಾಗೆ ಸರಾಸರಿ ತೆಗೆಯಬಹುದೇ ಅಜ್ಜಾ? ಹರಿವು ಬದಲಾಗುವುದು ಮೂತಿಯಿಂದ ಎಷ್ಟು ದೂರದಲ್ಲಿ ಎಂದು ತಿಳಿಯದೆ ನಡುವಿನದು ಎನ್ನುವುದು ನನಗೆ ಸರಿಯೆನ್ನಿಸಲಿಲ್ಲ.

ಕೊತ್ರೂಡ್ ಅಜ್ಜ

ನಿನಗೆ ಸರಿಯೆನ್ನಿಸದಿದ್ದುದೇ ಸರಿ. ಉದ್ದನೆಯ ಒಡಲಿನ ಬಹುಭಾಗದ ಮೇಲೆ ಹರಿವು ಕದಡಿಯೇ ಇರುತ್ತದೆ, ಅಲ್ಲಿ ನಾನು 0.89 ಹಿಡಿಯುತ್ತೇನೆ. ಸಣ್ಣ ರೆಕ್ಕೆಯ ಮುಂಚಿನ ಭಾಗವಾದರೆ 0.85. ನಡುವೆ ಎಲ್ಲಿ ಬದಲಾಗುತ್ತದೆ ಎಂಬುದು ಮೈಯ ನುಣುಪು, ಎತ್ತರ, ಆಕಾರ ಎಲ್ಲವನ್ನೂ ಕೇಳುತ್ತದೆ. ನಮ್ಮ ಸುರಂಗದಲ್ಲಿ ಅದನ್ನು ಲೆಕ್ಕದಿಂದ ಹೇಳಲು ಹೋಗುತ್ತಿರಲಿಲ್ಲ. ಮಾದರಿಯ ಮೂತಿಯ ಹಿಂದೆ ಮರಳಿನ ಕಣಗಳ ಒಂದು ಸಣ್ಣ ಪಟ್ಟಿ ಅಂಟಿಸಿ ಹರಿವನ್ನು ಅಲ್ಲಿಯೇ ಕದಡಿಬಿಡುತ್ತಿದ್ದೆವು. ಆಮೇಲೆ ಹಿಂದೆ ಏನಿದೆ ಎಂಬುದರಲ್ಲಿ ಅನುಮಾನ ಉಳಿಯುತ್ತಿರಲಿಲ್ಲ. ಭಾನುವಾರ ಈ ಕಡೆ ಬಂದರೆ ಆ ಪಟ್ಟಿ ಅಂಟಿಸುವುದು ಹೇಗೆ ಎಂದು ಚಿತ್ರ ಬರೆದು ತೋರಿಸುತ್ತೇನೆ, ಉತ್ತರಪತ್ರಿಕೆಯನ್ನೂ ತೆಗೆದುಕೊಂಡು ಬಾ.